ಮೂವತ್ತನೇ ದಿನದ ಪುಟಗಳು

ಎಂಬಿಬಿಎಸ್ ಮೊದಲ ವರ್ಷದ ಎರಡನೇ ಇಂಟರ್ನಲ್‌ನಲ್ಲಿ ನಾನು ಅನಾಟಮಿಯಲ್ಲಿ ಫೇಲಾದೆ. ಫಿಸಿಯಾಲಜಿ, ಬಯೋಕೆಮಿಸ್ಟ್ರಿ ಹೇಗೋ ದಡ ಮುಟ್ಟಿದ್ದವು. ಅನಾಟಮಿ ಮಾತ್ರ ಕೈಕೊಟ್ಟಿತು. ಯೂನಿವರ್ಸಿಟಿ ಪರೀಕ್ಷೆಗೆ ಉಳಿದಿದ್ದದ್ದು ಸರಿಯಾಗಿ ಮೂರು ತಿಂಗಳು. ಅದಕ್ಕೂ ಮೊದಲು ಇನ್ನೊಂದು ಇಂಟರ್ನಲ್ ಇತ್ತು. ಅದರಲ್ಲೂ ಮುಗ್ಗರಿಸಿದರೆ ಪರೀಕ್ಷೆಗೇ ಕೂರಿಸುವುದಿಲ್ಲ. ಮೊದಲ ವರ್ಷದ ವಿಷಯ ಒಂದು ಉಳಿದರೂ ಎರಡನೇ ವರ್ಷದ ಬಾಗಿಲು ತೆರೆಯುವುದಿಲ್ಲ. ಜೊತೆಯವರೆಲ್ಲ ಸ್ಟೆತಾಸ್ಕೋಪ್ ನೇತುಹಾಕಿಕೊಂಡು ವಾರ್ಡಿಗೆ ಹೋಗುವಾಗ ನಾನು ಹೊಸದಾಗಿ ಬಂದವರ ಜೊತೆ ಮತ್ತೆ ಮೂಳೆ ಹಿಡಿದು ಕೂರಬೇಕು.

ಸುದ್ದಿ ಮಳವಳ್ಳಿ ಕಡೆಯ ನಮ್ಮೂರಿಗೆ ಮುಟ್ಟಿದ ದಿನ ಅಪ್ಪ ಫೋನಿನಲ್ಲಿ ಹೆಚ್ಚೇನೂ ಹೇಳಲಿಲ್ಲ. "ನಿಮ್ಮಣ್ಣ ಬತ್ತಾನೆ, ಅವ್ನು ಹೇಳ್ದಂಗೆ ಕೇಳವ್ವ" ಅಂದು ಇಟ್ಟುಬಿಟ್ಟರು. ಮರುದಿನವೇ ಅಣ್ಣ ಮಂಡ್ಯದ ಹಾಸ್ಟೆಲಿಗೆ ಬಂದ. ನನ್ನ ಹಾಸಿಗೆ, ಪುಸ್ತಕ, ಮೂಳೆಗಳ ಪೆಟ್ಟಿಗೆ ಎಲ್ಲವನ್ನೂ ಗೆಳೆಯನ ಕಾರಿಗೆ ತುಂಬಿ ಮದ್ದೂರಿನ ತನ್ನ ಮನೆಗೆ ಸಾಗಿಸಿದ. ನನ್ನನ್ನು ಒಂದು ಮಾತು ಕೇಳಲಿಲ್ಲ. ಹಾಸ್ಟೆಲಿನಲ್ಲಿ ಹುಡುಗಿಯರ ಜೊತೆ ಹರಟೆ ಹೊಡೆದು ಕೆಟ್ಟೆ ಅಂತ ಅವನೇ ತೀರ್ಮಾನಿಸಿಬಿಟ್ಟಿದ್ದ. ದಿನಾ ಮದ್ದೂರಿನಿಂದ ಮಂಡ್ಯಕ್ಕೆ ಬಸ್ಸಿನಲ್ಲಿ ಹೋಗಿ ಬರಬೇಕಂತೆ. ಕಬ್ಬಿನ ಟ್ರ್ಯಾಕ್ಟರ್ ಹಿಂದೆ ಸಿಕ್ಕಿಕೊಂಡ ಬಸ್ಸಿನಲ್ಲಿ ನಿಂತುಕೊಂಡು ಮನುಷ್ಯನಿಗೆ ಏನು ಓದಲಿಕ್ಕಾಗುತ್ತದೆ ಅಂತ ಯಾರೂ ಯೋಚಿಸಲಿಲ್ಲ.

ಅಣ್ಣ ನಿಡಘಟ್ಟದ ಕಡೆ ಒಂದು ಹೈಸ್ಕೂಲಿನಲ್ಲಿ ಲೆಕ್ಕದ ಮೇಷ್ಟ್ರು. ನನಗಿಂತ ಹದಿನಾಲ್ಕು ವರ್ಷ ದೊಡ್ಡವನು. ಇಡೀ ಸ್ಕೂಲಿನ ಟೈಂಟೇಬಲ್ ಹಾಕುವವನು ಅವನೇ. ಯಾವ ಮೇಷ್ಟ್ರಿಗೆ ಯಾವ ಪೀರಿಯಡ್, ಯಾರು ರಜೆ ಹಾಕಿದರೆ ಯಾರನ್ನು ಕಳಿಸಬೇಕು, ಪರೀಕ್ಷೆಗೆ ಎಷ್ಟು ದಿನ ಮೊದಲು ಪೋರ್ಷನ್ ಮುಗಿಯಬೇಕು, ಎಲ್ಲ ಅವನ ಬೆರಳ ತುದಿಯಲ್ಲಿ. ಈ ಕೆಲಸದಲ್ಲಿ ಅವನಿಗಿರುವಷ್ಟು ಹೆಮ್ಮೆ ಮೈಮೇಲಿನ ಹೊಸ ಬಟ್ಟೆಯಲ್ಲೂ ಇಲ್ಲ. "ನಿಮ್ಮಣ್ಣಂಗೆ ಟೈಂಟೇಬಲ್ ಅಂದ್ರೆ ಊಟನೂ ಬ್ಯಾಡ ಕಣಮ್ಮ" ಅಂತ ಅತ್ತಿಗೆ ಮೊದಲ ದಿನವೇ ಎಚ್ಚರಿಸಿದ್ದರು.

ಬಂದ ಮೊದಲ ಭಾನುವಾರ ಅವನು ನನ್ನ ಪುಸ್ತಕಗಳನ್ನೆಲ್ಲ ನಡುಮನೆಯಲ್ಲಿ ಸಾಲಾಗಿ ಜೋಡಿಸಿದ. ಗ್ರಾಸ್ ಅನಾಟಮಿ, ಅಂದರೆ ದೇಹ ಕೊಯ್ದು ಬರಿಗಣ್ಣಿನಲ್ಲಿ ನೋಡುವ ರಚನೆ, ನಾಲ್ಕು ದಪ್ಪ ಸಂಪುಟ. ಹಿಸ್ಟಾಲಜಿ, ಅಂದರೆ ಅದೇ ದೇಹದ ಚೂರುಗಳನ್ನು ಮೈಕ್ರೋಸ್ಕೋಪಿನಲ್ಲಿ ನೋಡುವುದು, ಒಂದು ಪುಸ್ತಕ. ಎಂಬ್ರಿಯಾಲಜಿ, ಅಂದರೆ ಹೊಟ್ಟೆಯೊಳಗಿನ ಭ್ರೂಣದಲ್ಲಿ ಆ ಅಂಗಗಳೆಲ್ಲ ಹೇಗೆ ಬೆಳೆದು ಬಂದವು ಅನ್ನುವುದು, ಇನ್ನೊಂದು. ಅಣ್ಣ ಒಂದೊಂದೇ ಪುಸ್ತಕ ಎತ್ತಿ, ಕೊನೆಯ ಹಾಳೆ ತಿರುಗಿಸಿ, ಪುಟದ ಸಂಖ್ಯೆ ನೋಡಿ ಬರೆದುಕೊಂಡ. ಒಳಗೇನಿದೆ ಅಂತ ಒಂದು ಪುಸ್ತಕವನ್ನೂ ಬಿಚ್ಚಿ ನೋಡಲಿಲ್ಲ. ಕೂಡಿದ, ಭಾಗಿಸಿದ. ಸಂಜೆ ಹೊತ್ತಿಗೆ ದೊಡ್ಡ ಡ್ರಾಯಿಂಗ್ ಶೀಟಿನಲ್ಲಿ ತೊಂಬತ್ತು ಮನೆ ಹಾಕಿದ ಚಾರ್ಟು ಸಿದ್ಧವಾಯಿತು.

ಮೊದಲ ಅರವತ್ತು ದಿನ ಗ್ರಾಸ್ ಅನಾಟಮಿ, ಒಂದು ಸಂಪುಟಕ್ಕೆ ಹದಿನೈದು ದಿನದಂತೆ. ಅರವತ್ತೊಂದರಿಂದ ಎಪ್ಪತ್ತೈದರವರೆಗೆ ಹಿಸ್ಟಾಲಜಿ. ಎಪ್ಪತ್ತಾರರಿಂದ ಎಂಬತ್ತೈದರವರೆಗೆ ಎಂಬ್ರಿಯಾಲಜಿ. ಕೊನೆಯ ಐದು ದಿನ ರಿವಿಷನ್. ಪ್ರತಿ ಮನೆಯಲ್ಲೂ ಇಷ್ಟನೇ ಪುಟದಿಂದ ಇಷ್ಟನೇ ಪುಟದವರೆಗೆ ಅಂತ ಮುತ್ತಿನಂಥ ಅಕ್ಷರ. ಕೆಳಗೆ ನಾನು ಟಿಕ್ ಹಾಕಲು ಒಂದು ಚಿಕ್ಕ ಚೌಕ. ವಾರದ ಕೊನೆಗೆ ಅವನು ರುಜು ಹಾಕಲು ಇನ್ನೊಂದು. ಮೇಲೂ ಕೆಳಗೂ ಪಟ್ಟಿ ಹೊಡೆದು ಕ್ಯಾಲೆಂಡರಿನ ಹಾಗೆ ನನ್ನ ಕೋಣೆಯ ಮೊಳೆಗೆ ನೇತುಹಾಕಿದ.

"ದಿನಕ್ಕೆ ಇಪ್ಪತ್ತೆಲ್ಡು ಪುಟ. ಒಂದಿನ ತಪ್ಪಿದ್ರೆ ಮಾರನೇ ದಿನ ನಲವತ್ನಾಕು. ಅಷ್ಟೇ ಲೆಕ್ಕ ಕಣಮ್ಮ."

ನಿಜ ಹೇಳಬೇಕೆಂದರೆ ಆ ಹೊತ್ತಿಗೆ ನನಗೂ ಸಮಾಧಾನವಾಯಿತು. ಅಷ್ಟು ದೊಡ್ಡ ಗುಡ್ಡ ತೊಂಬತ್ತು ಚೌಕದೊಳಗೆ ಮುದುರಿಕೊಂಡು ಕೂತಿದ್ದು ನೋಡಿ, ಇಷ್ಟೇನಾ ಅನ್ನಿಸಿತು.

ಮೊದಲ ಮೂರು ದಿನ ಟಿಕ್ ಬಿದ್ದವು. ನಾಲ್ಕನೇ ದಿನ ಬ್ರೇಕಿಯಲ್ ಪ್ಲೆಕ್ಸಸ್ ಬಂತು. ಕುತ್ತಿಗೆಯಿಂದ ತೋಳಿಗೆ ಇಳಿಯುವ ನರಗಳ ಜಾಲ ಅದು. ಐದು ಬೇರು ಸೇರಿ ಮೂರು ಕಾಂಡ, ಅವು ಸೀಳಿ ಆರು ಕವಲು, ಮತ್ತೆ ಸೇರಿ ಮೂರು ಹುರಿ, ಅಲ್ಲಿಂದ ಕೈಯ ನರಗಳು. ಪುಸ್ತಕದಲ್ಲಿ ನಾಲ್ಕೇ ಪುಟ. ಅಣ್ಣನ ಲೆಕ್ಕದಲ್ಲಿ ಮುಕ್ಕಾಲು ಗಂಟೆಯ ಕೆಲಸ. ನನಗೆ ಹಿಡಿದದ್ದು ನಾಲ್ಕು ದಿನ. ಬರೆದೆ, ಅಳಿಸಿದೆ, ಮತ್ತೆ ಬರೆದೆ. ಯಾವ ಬೇರು ಪೆಟ್ಟಾದರೆ ಕೈ ಯಾವ ಕಡೆ ಜೋತು ಬೀಳುತ್ತದೆ ಅಂತ ತಿಳಿಯುವ ಹೊತ್ತಿಗೆ ಚಾರ್ಟಿನಲ್ಲಿ ನಾಲ್ಕು ಚೌಕ ಖಾಲಿ ಕೂತು ನನ್ನನ್ನೇ ನೋಡುತ್ತಿದ್ದವು. ಇನ್ನೊಂದು ಅಧ್ಯಾಯ ಪೂರ್ತಿ ಬರೀ ಚಿತ್ರ, ಇಪ್ಪತ್ತು ಪುಟ ಅರ್ಧ ಗಂಟೆಯಲ್ಲಿ ಮುಗಿಯಿತು. ಪುಟಕ್ಕೂ ಪಾಠಕ್ಕೂ ಸಂಬಂಧವೇ ಇರಲಿಲ್ಲ.

ಅಣ್ಣ ದಿನಾ ಸಂಜೆ ಸ್ಕೂಟರ್ ನಿಲ್ಲಿಸಿ, ಚಪ್ಪಲಿ ಬಿಡುವ ಮೊದಲೇ ಕೇಳುತ್ತಿದ್ದ. "ಏನಮ್ಮ, ಎಷ್ಟು ಪುಟ ಆಯ್ತು ಇವತ್ತು?"

ಮೊದಮೊದಲು ನಿಜವನ್ನೇ ಹೇಳುತ್ತಿದ್ದೆ. ಆರು ಪುಟ, ಎಂಟು ಪುಟ. ಅವನು ಬೈಯುತ್ತಿರಲಿಲ್ಲ. ಬೈದಿದ್ದರೆ ಒಳ್ಳೆಯದಿತ್ತು. ಸುಮ್ಮನೆ ಚಾರ್ಟಿನ ಮುಂದೆ ನಿಂತು, ಖಾಲಿ ಚೌಕಗಳನ್ನು ಪೆನ್ನಿನ ತುದಿಯಲ್ಲಿ ಎಣಿಸಿ, ಉಸಿರು ಬಿಟ್ಟು ಒಳಗೆ ಹೋಗುತ್ತಿದ್ದ. ಆ ಉಸಿರು ಕೇಳಿದರೆ ನನಗೆ ಮೈ ಉರಿಯುತ್ತಿತ್ತು.

ಮೂರನೇ ವಾರ ಮುಗಿಯುವ ದಿನ ಡಿಸೆಕ್ಷನ್ ಹಾಲಿನಲ್ಲಿ ನನ್ನ ಮರ್ಯಾದೆ ಹೋಯಿತು. ಕ್ಲಾಸಿನಲ್ಲಿ ಆಗ ತಲೆ ಮತ್ತು ಕುತ್ತಿಗೆ ನಡೆಯುತ್ತಿತ್ತು. ಅಣ್ಣನ ಚಾರ್ಟಿನಲ್ಲಿ ನಾನಿನ್ನೂ ತೋಳಿನಲ್ಲೇ ತೊಳಲಾಡುತ್ತಿದ್ದೆ. ಅನಾಟಮಿ ಮೇಡಂ ನಮ್ಮ ಟೇಬಲ್ಲಿಗೆ ಬಂದು, ನಡುವೆ ಸೀಳಿದ ತಲೆಯ ಸ್ಪೆಸಿಮನ್‌ನಲ್ಲಿ ನಾಲಿಗೆಯನ್ನು ಚಿಮಟದಲ್ಲಿ ಮುಟ್ಟಿ ನನ್ನತ್ತ ನೋಡಿದರು. ನಾಲಿಗೆಗೆ ಯಾವ ಯಾವ ನರ ಬರುತ್ತದೆ ಅಂತ ಕೇಳಿದರು. ಕ್ಲಾಸಿನಲ್ಲಿ ಬರೆದುಕೊಂಡಿದ್ದು ಬಾಯಿಪಾಠವಿತ್ತು, ಒದರಿದೆ. ಮುಂದಿನ ಮೂರನೇ ಎರಡು ಭಾಗದ ಸ್ಪರ್ಶಕ್ಕೆ ಐದನೇ ನರದ ಕವಲು, ರುಚಿಗೆ ಏಳನೆಯದರ ಕವಲು. ಹಿಂದಿನ ಮೂರನೇ ಒಂದು ಭಾಗಕ್ಕೆ ಎರಡಕ್ಕೂ ಒಂಬತ್ತನೆಯದು. ತೀರಾ ಹಿಂದೆ ಹತ್ತನೆಯದು. ಅಲ್ಲಾಡಿಸಲು ಹನ್ನೆರಡನೆಯದು.

"ಸರಿ. ಇಷ್ಟೇ ಇಷ್ಟು ನಾಲಿಗೆಗೆ ಐದು ನರ ಯಾಕೆ?"

ಯಾಕೆ ಅಂದರೆ ಏನು ಹೇಳುವುದು, ಪುಸ್ತಕದಲ್ಲಿ ಹಾಗಿದೆ. ಅದು ಎಂಬ್ರಿಯಾಲಜಿ ಅಲ್ಲವೇನಮ್ಮ ಅಂತ ಮೇಡಂ ಸುಳಿವು ಕೊಟ್ಟರು. ಆಗ ನನ್ನ ಬಾಯಿಂದ ಬಂದ ಮಾತು ನೆನೆಸಿಕೊಂಡರೆ ಇವತ್ತಿಗೂ ನಾಚಿಕೆಯಾಗುತ್ತದೆ.

"ಮೇಡಂ, ನನಗೆ ಎಂಬ್ರಿಯಾಲಜಿ ಎಪ್ಪತ್ತಾರನೇ ದಿನದಿಂದ."

ಟೇಬಲ್ಲಿನ ಸುತ್ತ ಇದ್ದವರೆಲ್ಲ ನಕ್ಕರು. ಪಕ್ಕದ ಟೇಬಲ್ಲಿನವರೂ ನಕ್ಕರು. ಮೇಡಂ ನಗಲಿಲ್ಲ. ಎಲ್ಲರನ್ನೂ ಕಳಿಸಿ, ನನ್ನನ್ನು ಅಲ್ಲೇ ಸ್ಟೂಲಿನ ಮೇಲೆ ಕೂರಿಸಿ, ಎಪ್ಪತ್ತಾರನೇ ದಿನ ಅಂದರೆ ಏನು ಅಂತ ವಿಚಾರಿಸಿದರು. ಚಾರ್ಟಿನ ಕಥೆ ಎಲ್ಲ ಹೇಳಿದೆ. ಹೇಳುತ್ತಾ ಹೇಳುತ್ತಾ ಅಳು ಬಂತು. ಹೆಣ ಕೆಡದಂತೆ ಹಾಕುವ ಫಾರ್ಮಲಿನ್ ಘಾಟಿಗೆ ಹೇಗೂ ಕಣ್ಣಲ್ಲಿ ನೀರು ಬರುತ್ತದೆ, ಹಾಗಾಗಿ ಯಾರಿಗೂ ಗೊತ್ತಾಗಲಿಲ್ಲ.

ಮೇಡಂ ನನ್ನ ನೋಟ್‌ಬುಕ್ಕಿನಲ್ಲಿ ಒಂದು ಚಿತ್ರ ಬರೆದು ತೋರಿಸಿದರು. ಭ್ರೂಣದ ಕುತ್ತಿಗೆಯ ಹತ್ತಿರ ಒಂದರ ಕೆಳಗೊಂದು ಕಮಾನುಗಳು ಇರುತ್ತವೆ. ಪ್ರತಿ ಕಮಾನಿಗೂ ತನ್ನದೇ ನರ. ನಾಲಿಗೆಯ ಮುಂಭಾಗದ ಹೊದಿಕೆ ಮೊದಲ ಕಮಾನಿನಿಂದ ಎದ್ದ ಉಬ್ಬುಗಳಿಂದ ಆದದ್ದು, ಆ ಕಮಾನಿನ ನರ ಐದನೆಯದು. ಹಿಂಭಾಗ ಮೂರನೇ ಕಮಾನಿನದು, ಅದರ ನರ ಒಂಬತ್ತನೆಯದು. ತೀರಾ ಹಿಂದಿನ ಚೂರು ನಾಲ್ಕನೇ ಕಮಾನಿನದು, ಅದರ ನರ ಹತ್ತನೆಯದು. ಎರಡನೇ ಕಮಾನಿನ ಭಾಗವನ್ನು ಮೂರನೆಯದು ಮುಚ್ಚಿಕೊಂಡು ಬೆಳೆದುಬಿಡುತ್ತದೆ, ಆದರೂ ಅದರ ಏಳನೇ ನರ ರುಚಿಯನ್ನು ಹಿಡಿದುಕೊಂಡು ಉಳಿಯುತ್ತದೆ. ನಾಲಿಗೆಯ ಸ್ನಾಯು ಮಾತ್ರ ತಲೆಯ ಹಿಂಬದಿಯಿಂದ ವಲಸೆ ಬಂದದ್ದು, ಬರುವಾಗ ಹನ್ನೆರಡನೇ ನರವನ್ನು ಜೊತೆಗೆ ಎಳೆದುಕೊಂಡು ಬಂತು. ಐದೇ ನಿಮಿಷ. ಅರ್ಥವಾಗದೆ ಬರೀ ಉರು ಹೊಡೆದಿದ್ದ ಐದು ನರಗಳನ್ನು ಆಮೇಲೆ ಇವತ್ತಿನವರೆಗೆ ಮರೆತಿಲ್ಲ.

"ಮೂರೂ ಬೇರೆ ಪುಸ್ತಕ ಇರಬಹುದು, ನಾಲಿಗೆ ಒಂದೇ. ಒಂದು ಅಂಗ ಹಿಡಿ. ಬೆಳಗ್ಗೆ ಅದರ ಗ್ರಾಸ್, ಮಧ್ಯಾಹ್ನ ಅದರದೇ ಸ್ಲೈಡು, ಸಂಜೆ ಅದರದೇ ಬೆಳವಣಿಗೆ. ಹಳೇ ಪ್ರಶ್ನೆಪತ್ರಿಕೆ ತೆಗೆದು ನೋಡು, ಅವರು ಹೇಗೆ ಕೇಳುತ್ತಾರೆ ಅಂತ."

ಲೈಬ್ರರಿಗೆ ಹೋಗಿ ನೋಡಿದೆ. ಮೂತ್ರಪಿಂಡದ ಬಗ್ಗೆ ಒಂದು ದೊಡ್ಡ ಪ್ರಶ್ನೆ. ಅದರ ಆಕಾರ, ಸುತ್ತಮುತ್ತ ಏನೇನಿದೆ, ರಕ್ತಪೂರೈಕೆ, ಸೂಕ್ಷ್ಮ ರಚನೆ, ಬೆಳವಣಿಗೆ, ಅಲ್ಲಿ ಬರುವ ತೊಂದರೆ. ಎಲ್ಲವೂ ಒಂದೇ ಪ್ರಶ್ನೆಯ ಹೊಟ್ಟೆಯಲ್ಲಿ. ಅಣ್ಣನ ಚಾರ್ಟಿನ ಪ್ರಕಾರ ಆ ಒಂದು ಉತ್ತರದ ಮೊದಲ ಭಾಗವನ್ನು ನಾನು ಇಪ್ಪತ್ತೈದನೇ ದಿನದ ಸುಮಾರಿಗೆ ಓದಿ, ನಡುವಿನದನ್ನು ಎಪ್ಪತ್ತನೇ ದಿನ ಓದಿ, ಕೊನೆಯದನ್ನು ಎಂಬತ್ತಮೂರನೇ ದಿನ ಓದುತ್ತಿದ್ದೆ. ಅಷ್ಟು ಹೊತ್ತಿಗೆ ಮೊದಲಿನದು ತಲೆಯಲ್ಲಿ ಎಲ್ಲಿರುತ್ತದೆ.

ಆ ಪತ್ರಿಕೆಯ ಜೆರಾಕ್ಸ್ ಹಿಡಿದು ಸಂಜೆ ಅಣ್ಣನ ಮುಂದೆ ಕೂತೆ. ನಿಧಾನವಾಗಿಯೇ ಶುರು ಮಾಡಿದೆ. ಅವನು ಪತ್ರಿಕೆಯನ್ನು ಎರಡೂ ಕಡೆ ತಿರುಗಿಸಿ ನೋಡಿದ.

"ಪಟ್ಟಿ ತಪ್ಪಲ್ಲ ಕಣಮ್ಮ, ನೀನು ತಪ್ಪಿದೀಯ. ಇಪ್ಪತ್ತೊಂದು ದಿನದಲ್ಲಿ ಹನ್ನೊಂದು ಚೌಕ ಖಾಲಿ. ಮೊದ್ಲು ಅದ್ನ ತುಂಬು, ಆಮೇಲೆ ಮಾತಾಡವ."

"ಅಣ್ಣ, ಪುಟದ ಲೆಕ್ಕದಲ್ಲಿ ಇದು ಆಗಲ್ಲ."

"ಹನ್ನೆಲ್ಡು ವರ್ಸದಿಂದ ಟೈಂಟೇಬಲ್ ಹಾಕ್ತಿವ್ನಿ. ಒಂದ್ ವರ್ಸನೂ ಪೋರ್ಷನ್ ಉಳ್ಕಂಡಿಲ್ಲ."

"ಅದು ಎಸ್ಸೆಸ್ಸೆಲ್ಸಿ. ಇದು ನಿಂಗೆ ಗೊತ್ತಿಲ್ದೇ ಇರೋ ವಿಷ್ಯ. ಗೊತ್ತಿಲ್ದೇ ಇರೋದ್ರಲ್ಲಿ ಯಾಕೆ ತಲೆ ಹಾಕ್ತೀಯ?"

ಆ ಮಾತು ಆಡಬಾರದಿತ್ತು. ಅಣ್ಣ ಪತ್ರಿಕೆಯನ್ನು ಮಡಿಸಿ ನನ್ನ ಕೈಗೆ ಕೊಟ್ಟು ಎದ್ದು ಹೋದ. ಒಳಗಿನಿಂದ ಅತ್ತಿಗೆ ಬಂದು, "ಅವ್ರ್ ಮನ್ಸಿಗೆ ಯಾಕಮ್ಮ ನೋವು ಮಾಡ್ತೀಯ, ಒಂದ್ ಟಿಕ್ ಹಾಕ್ಬುಟ್ರೆ ಏನ್ ಗಂಟೋಯ್ತದೆ" ಅಂದರು. ಅತ್ತಿಗೆ ಸುಮ್ಮನೆ ಸಮಾಧಾನಕ್ಕೆ ಆಡಿದ ಮಾತು ಅದು. ನಾನು ಅದನ್ನೇ ಗಟ್ಟಿಯಾಗಿ ಹಿಡಿದುಕೊಂಡೆ.

ಮರುದಿನ ಮನೆಯಲ್ಲಿ ಯಾರೂ ಇಲ್ಲದಾಗ ಚಾರ್ಟನ್ನು ಹರಿದು ಎಸೆಯಬೇಕು ಅಂತಲೇ ಮೊಳೆಯಿಂದ ಇಳಿಸಿದೆ. ಹರಿಯಲು ಕೈ ಬರಲಿಲ್ಲ. ಅಷ್ಟು ಅಚ್ಚುಕಟ್ಟಾದ ಗೆರೆಗಳು. ತಿರುಗಿಸಿ ನೋಡಿದರೆ ಹಿಂದೆ ಇಡೀ ಹಾಳೆ ಖಾಲಿ. ಅಲ್ಲೇ ನೆಲದ ಮೇಲೆ ಹಾಸಿಕೊಂಡು ಪೆನ್ಸಿಲಿನಲ್ಲಿ ನನ್ನ ಲೆಕ್ಕ ಬರೆದೆ. ಉಳಿದಿರುವುದು ಒಂಬತ್ತು ವಾರ, ಮೇಲೊಂದಿಷ್ಟು ದಿನ. ಹೊಟ್ಟೆ ಮತ್ತು ಸೊಂಟದ ಒಳಭಾಗ ಎರಡು ವಾರ. ತಲೆ ಕುತ್ತಿಗೆ ಎರಡು ವಾರ. ಎದೆ ಒಂದು, ಮೆದುಳು ಒಂದು. ಕೈ ಕಾಲು ಎರಡೂ ಸೇರಿ ಒಂದು ವಾರ, ಕೈ ಹೇಗೂ ಅರ್ಧ ಬಂದಿತ್ತು. ಕೊನೆಯ ಎರಡು ವಾರ ಹೊಸದು ಏನೂ ಇಲ್ಲ, ಓದಿದ್ದನ್ನೇ ಮತ್ತೆ. ಮೇಲುಳಿದ ದಿನಗಳು ಇಂಟರ್ನಲ್‌ಗೆ ಮತ್ತು ತಪ್ಪಿಹೋಗುವ ದಿನಗಳಿಗೆ. ಪ್ರತಿ ಭಾಗದೊಳಗೂ ಮೂರು ಪುಸ್ತಕ ಒಟ್ಟಿಗೆ. ಭಾನುವಾರ ಪುಸ್ತಕ ಮುಚ್ಚಿಟ್ಟು ಖಾಲಿ ಹಾಳೆಯಲ್ಲಿ ವಾರದ್ದನ್ನೆಲ್ಲ ಬರೆಯುವುದು, ಬರದಿದ್ದದ್ದನ್ನು ಮಾತ್ರ ಮತ್ತೆ ತೆಗೆದು ನೋಡುವುದು. ಒಂದೇ ಒಂದು ಪುಟದ ಸಂಖ್ಯೆಯನ್ನೂ ಬರೆಯಲಿಲ್ಲ.

ಆಮೇಲೆ ಚಾರ್ಟಿನ ಮುಂಭಾಗ ತಿರುಗಿಸಿ, ಖಾಲಿ ಉಳಿದಿದ್ದ ಹನ್ನೊಂದು ಚೌಕಕ್ಕೂ ಒಂದೇ ಉಸಿರಿಗೆ ಟಿಕ್ ಹಾಕಿದೆ. ಅವತ್ತು ಸಂಜೆ ಅಣ್ಣ ಚಾರ್ಟು ನೋಡಿ, ನೆನ್ನೆಯ ಮುನಿಸು ಮರೆತು, "ಮನ್ಸು ಮಾಡಿದ್ರೆ ಆಯ್ತದೆ, ನೋಡು" ಅಂದ. ಕೆಂಪು ಪೆನ್ನಿನಲ್ಲಿ ರುಜು ಹಾಕಿದ. ನನಗೆ ಪಾಪ ಅನ್ನಿಸಲಿಲ್ಲ. ಪೀಡೆ ತೊಲಗಿತು ಅನ್ನಿಸಿತು.

ಅಲ್ಲಿಂದ ನನ್ನ ದಿನಕ್ಕೆ ಎರಡು ಮುಖ. ಕೋಣೆಯ ಬಾಗಿಲು ಹಾಕಿದಾಗ ಚಾರ್ಟಿನ ಹಿಂಭಾಗ. ಸ್ಕೂಟರ್ ಸದ್ದು ಕೇಳಿದಾಗ ಎದ್ದು ತಿರುಗಿಸಿದರೆ ಮುಂಭಾಗ, ಒಂದು ಟಿಕ್. "ಎಷ್ಟು ಪುಟ ಆಯ್ತಮ್ಮ?" "ಇಪ್ಪತ್ತೆರಡು ಅಣ್ಣ." ಹೀಗೆ ದಿನಾ. ಕೆಲವು ದಿನ ಉತ್ಸಾಹ ಬಂದು ಟಿಕ್ ಪಕ್ಕದಲ್ಲಿ "ರಿವಿಷನ್ ಆಯ್ತು" ಅಂತಲೂ ಬರೆಯುತ್ತಿದ್ದೆ.

ಹೊಸ ಪ್ಲಾನು ಹಾಕಿದ ಮಾತ್ರಕ್ಕೆ ಓದು ಹೂವಿನಂತೆ ಅರಳಿತು ಅಂತೇನಿಲ್ಲ. ಹಿಸ್ಟಾಲಜಿ ನನ್ನ ಪ್ರಾಣ ಹಿಂಡಿತು. ಮೈಕ್ರೋಸ್ಕೋಪಿಗೆ ಕಣ್ಣಿಟ್ಟರೆ ಎಲ್ಲ ಗುಲಾಬಿ, ನಡುವೆ ನೇರಳೆ ಚುಕ್ಕಿ. ಕಿವಿಯ ಮುಂದಿನ ಜೊಲ್ಲುಗ್ರಂಥಿಯೂ ಹಾಗೇ, ಮೇದೋಜೀರಕವೂ ಹಾಗೇ. ಮೂರು ಸಲ ಅದನ್ನು ಇದೆಂದೆ, ಇದನ್ನು ಅದೆಂದೆ. ಸ್ಲೈಡನ್ನು ಎತ್ತಿ ಕಿಟಕಿಯಿಂದಾಚೆ ಎಸೆಯುವಷ್ಟು ಸಿಟ್ಟು. ಕಡೆಗೆ ಗುಲಾಬಿ ಮತ್ತು ನೇರಳೆ ಬಣ್ಣದ ಪೆನ್ಸಿಲ್ ತೆಗೆದುಕೊಂಡು ಕೂತು ನಾನೇ ಬರೆದು ನೋಡಿದೆ. ಮೇದೋಜೀರಕದಲ್ಲಿ ಕಡುಬಣ್ಣದ ಗುಂಪುಗಳ ನಡುನಡುವೆ ತೆಳು ಬಣ್ಣದ ದ್ವೀಪಗಳಿವೆ, ಇನ್ಸುಲಿನ್ ಅಲ್ಲಿಂದಲೇ ಬರುವುದು. ಜೊಲ್ಲುಗ್ರಂಥಿಯಲ್ಲಿ ದ್ವೀಪ ಇಲ್ಲ, ಗೆರೆಗೆರೆಯಾದ ನಾಳಗಳಿವೆ. ಇಷ್ಟು ಗೊತ್ತಾಗಲು ಒಂದು ಶನಿವಾರ ಪೂರ್ತಿ ಹೋಯಿತು. ಅಣ್ಣನ ಪುಟದ ಲೆಕ್ಕದಲ್ಲಿ ಅದು ಅರ್ಧ ಪುಟ. ಅವನಿಗೆ ಇದನ್ನು ಹೇಳಿಕೊಳ್ಳಬೇಕು ಅನ್ನಿಸುತ್ತಿತ್ತು, ಇವತ್ತು ದ್ವೀಪ ಸಿಕ್ಕಿತು ಅಂತ. ಹೇಳಿದರೆ ಟಿಕ್‌ಗಳ ಬಣ್ಣ ಬಯಲಾಗುತ್ತದೆ. ಇಪ್ಪತ್ತೆರಡು ಅಂತಷ್ಟೇ ಹೇಳಿ ಬಾಯಿ ಮುಚ್ಚಿಕೊಳ್ಳುತ್ತಿದ್ದೆ.

ಒಂದು ಭಾನುವಾರ ಅಪ್ಪ ಊರಿಂದ ಬಂಡೂರು ಕುರಿಯ ಮಾಂಸ ತಂದಿದ್ದರು. ಎಲ್ಲರೂ ಊಟಕ್ಕೆ ಕೂತಿದ್ದಾಗ ಅಪ್ಪ, ಪಾಸಾಗ್ತೀಯ ಅಲ್ವೇನವ್ವ ಅಂತ ಕೇಳಿದರು. ನಾನು ಬಾಯಿ ತೆಗೆಯುವ ಮೊದಲೇ ಅಣ್ಣ, "ಚಾರ್ಟಿನ್ ಪ್ರಕಾರ ಎಲ್ಲಾ ಸರಿಯಾಗವ್ಳೆ" ಅಂದ. ನಾನು ನಿಜಕ್ಕೂ ಸರಿಯಾಗಿದ್ದೇನೋ ಇಲ್ಲವೋ ನನಗೇ ಗೊತ್ತಿರಲಿಲ್ಲ. ಮೇಡಂ ಹೇಳಿದ ದಾರಿ ತಪ್ಪಾಗಿದ್ದರೆ, ಇಲ್ಲಾ ನಾನೇ ಅದನ್ನು ತಪ್ಪು ತಿಳಿದುಕೊಂಡಿದ್ದರೆ, ಈ ಮನೆಯಲ್ಲಿ ಫೇಲಾಗುವುದರ ಜೊತೆಗೆ ಸುಳ್ಳಿಯೂ ಆಗುತ್ತೇನೆ. ಅಣ್ಣ ನನ್ನ ಕಡೆ ನೋಡದೆ ಮುದ್ದೆ ಮುರಿಯುತ್ತಿದ್ದ.

ಆ ಹೊತ್ತಿಗೆ ಅವನು ಚಾರ್ಟಿಗೆ ರುಜು ಹಾಕುವುದನ್ನು ನಿಲ್ಲಿಸಿ ಎರಡು ವಾರವಾಗಿತ್ತು. ಮೂವತ್ತನೇ ದಿನದ ನಂತರ ಕೆಂಪು ಪೆನ್ನಿನ ಗುರುತೇ ಇಲ್ಲ. ಸ್ಕೂಲಿನಲ್ಲಿ ಎಸ್ಸೆಸ್ಸೆಲ್ಸಿ ಕೆಲಸ ಹೆಚ್ಚಾಗಿರಬೇಕು ಅಂದುಕೊಂಡು ನಾನು ಒಳಗೊಳಗೇ ಖುಷಿಪಟ್ಟೆ. ಆದರೆ ಸಂಜೆ ಚಪ್ಪಲಿ ಬಿಡುವ ಮೊದಲು "ಎಷ್ಟು ಪುಟ ಆಯ್ತಮ್ಮ" ಅನ್ನುವುದು ಮಾತ್ರ ಒಂದು ದಿನವೂ ತಪ್ಪಲಿಲ್ಲ. ಆ ಪ್ರಶ್ನೆ ಕೇಳಿದರೆ ಸಾಕು, ಇದ್ದಬದ್ದ ತಾಳ್ಮೆಯೆಲ್ಲ ಹಾರಿಹೋಗುತ್ತಿತ್ತು.

ಇಂಟರ್ನಲ್ ಬಂತು, ದಾಟಿದೆ. ಯೂನಿವರ್ಸಿಟಿ ಪರೀಕ್ಷೆ ಬಂತು, ಬರೆದೆ. ಪ್ರಾಕ್ಟಿಕಲ್ ದಿನ ವೈವಾದಲ್ಲಿ ಹೊರಗಿನಿಂದ ಬಂದ ಎಕ್ಸಾಮಿನರ್ ಎದೆಯ ಸ್ಪೆಸಿಮನ್ ಮುಂದಿಟ್ಟು, ಧ್ವನಿಪೆಟ್ಟಿಗೆಗೆ ಹೋಗುವ ನರ ಎಡಗಡೆ ಮಾತ್ರ ಎದೆಯೊಳಗೆ ಇಳಿದು ಮಹಾಧಮನಿಯ ಕಮಾನನ್ನು ಬಳಸಿ ವಾಪಸ್ ಮೇಲೆ ಬರುತ್ತದಲ್ಲ, ಬಲಗಡೆ ಯಾಕೆ ಅಷ್ಟು ಕೆಳಗೆ ಇಳಿಯುವುದಿಲ್ಲ ಅಂತ ಕೇಳಿದರು. ಯಾಕೆ ಅನ್ನುವ ಪದ ಕಿವಿಗೆ ಬಿದ್ದ ಕೂಡಲೇ ನನಗೆ ಧೈರ್ಯ ಬಂತು. ಭ್ರೂಣದಲ್ಲಿ ಎರಡೂ ಕಡೆಯ ನರ ಆರನೇ ಕಮಾನಿನ ರಕ್ತನಾಳವನ್ನು ಬಳಸಿಕೊಂಡಿರುತ್ತದೆ. ಎಡಗಡೆ ಆ ನಾಳ ಹುಟ್ಟುವವರೆಗೂ ಉಳಿದು ಆಮೇಲೆ ಹುರಿಯಾಗುತ್ತದೆ, ಹಾಗಾಗಿ ನರ ಅಲ್ಲೇ ಸಿಕ್ಕಿಕೊಂಡು ಹೃದಯದ ಜೊತೆ ಕೆಳಗಿಳಿಯುತ್ತದೆ. ಬಲಗಡೆ ನಾಳದ ಆ ಭಾಗ ಮಾಯವಾಗುತ್ತದೆ, ಐದನೆಯದೂ ಇರುವುದಿಲ್ಲ, ನರ ಜಾರಿ ನಾಲ್ಕನೇ ಕಮಾನಿಗೆ ತಗಲಿಕೊಳ್ಳುತ್ತದೆ. ಅದೇ ಮುಂದೆ ಬಲತೋಳಿಗೆ ಹೋಗುವ ದೊಡ್ಡ ಧಮನಿ. ಎಕ್ಸಾಮಿನರ್ ತಲೆಯಾಡಿಸಿ ಮುಂದಿನವರನ್ನು ಕರೆದರು.

ಪಾಸಾದೆ. ಅಂಥ ದೊಡ್ಡ ಅಂಕವೇನಲ್ಲ, ಪಾಸು. ಅಣ್ಣ ಸ್ಕೂಲಿನಲ್ಲಿ ಲಾಡು ಹಂಚಿದನಂತೆ. ಚಾರ್ಟಿನಿಂದಲೇ ಪಾಸಾದಳು ಅಂತ ಅತ್ತಿಗೆ ನೆಂಟರಿಗೆಲ್ಲ ಹೇಳಿಕೊಂಡು ಬಂದರು. ನಾನು ಹಾಸ್ಟೆಲಿಗೆ ವಾಪಸಾದೆ. ಸತ್ಯ ಹೇಳುವ ಪ್ರಸಂಗ ಬರಲಿಲ್ಲ, ನಾನೂ ಹುಡುಕಿಕೊಂಡು ಹೋಗಲಿಲ್ಲ.

ಎರಡು ವರ್ಷದ ನಂತರ ಅತ್ತಿಗೆಯ ಅಣ್ಣನ ಮಗಳಿಗೆ, ಕೊತ್ತತ್ತಿಯ ಹುಡುಗಿಗೆ, ಮೆಡಿಕಲ್ ಸೀಟು ಸಿಕ್ಕಿತು. ಅವಳೂ ಅನಾಟಮಿಯಲ್ಲಿ ಎಡವಿದಳು. ಅತ್ತಿಗೆ ನನಗೆ ಫೋನ್ ಮಾಡಿ, "ನಿಮ್ಮಣ್ಣ ನಿನ್ ಚಾರ್ಟ್ನೇ ಅವ್ಳಿಗೆ ಕೊಡ್ತಾರಂತೆ, ಅಟ್ಟದಿಂದ ಇಳ್ಸವ್ರೆ" ಅಂದರು. ನನ್ನ ಸುಳ್ಳು ಟಿಕ್‌ಗಳನ್ನು ನಂಬಿಕೊಂಡು ಆ ಹುಡುಗಿ ಎಪ್ಪತ್ತಾರನೇ ದಿನದವರೆಗೆ ಎಂಬ್ರಿಯಾಲಜಿ ಮುಟ್ಟದೆ ಕೂತರೆ ಅವಳ ವರ್ಷ ಹೋಗುತ್ತದೆ. ಸಿಕ್ಕ ಬಸ್ಸು ಹತ್ತಿ ಮದ್ದೂರಿಗೆ ಹೋದೆ.

ಅಣ್ಣ ನಡುಮನೆಯಲ್ಲಿ ನೆಲದ ಮೇಲೆ ಕೂತಿದ್ದ. ಪಕ್ಕದಲ್ಲಿ ಹಳೆಯ ಚಾರ್ಟು ಸುರುಳಿ ಬಿಚ್ಚಿಕೊಂಡು ಬಿದ್ದಿತ್ತು. ಕೂರುವ ಮೊದಲೇ ಹೇಳಿಬಿಟ್ಟೆ.

"ಅಣ್ಣ, ಇದನ್ನ ಅವ್ಳಿಗೆ ಕೊಡ್ಬೇಡ. ಈ ಟಿಕ್ ಎಲ್ಲಾ ಸುಳ್ಳು. ನಾನು ಇದರ ಪ್ರಕಾರ ಓದೇ ಇಲ್ಲ."

"ಗೊತ್ತು."

"ಏನು ಗೊತ್ತು?"

ಅವನು ಚಾರ್ಟನ್ನು ನನ್ನ ಕಡೆ ತಿರುಗಿಸಿ ಮೂವತ್ತನೇ ದಿನದ ಚೌಕದ ಮೇಲೆ ಬೆರಳಿಟ್ಟ. ಎರಡನೇ ಸಂಪುಟದ ಕೊನೆಯ ಇಪ್ಪತ್ತೆರಡು ಪುಟ. ಕೆಳಗೆ ನನ್ನ ಟಿಕ್. ಪಕ್ಕದಲ್ಲಿ ನನ್ನದೇ ಅಕ್ಷರದಲ್ಲಿ "ರಿವಿಷನ್ ಆಯ್ತು".

"ಆವತ್ತು ನಿನ್ನ ಒಂದೆಲ್ಡು ಪ್ರಶ್ನೆ ಕೇಳಾನ ಅನ್ನಿಸ್ತು. ನಂಗೇನೂ ಗೊತ್ತಿಲ್ಲ ಅಂದಿದ್ಯಲ್ಲ, ಪುಸ್ತಕ ನೋಡ್ಕಂಡಾದ್ರೂ ಕೇಳಾನ ಅಂತ ಆ ಪುಟ ತೆಗ್ದೆ. ನೋಡಿದ್ರೆ ಇಂಡೆಕ್ಸು. ಎ ಇಂದ ಜಡ್‌ವರ್ಗೂ ಬರೀ ಹೆಸ್ರು, ಪುಟದ ನಂಬರು. ಹದಿನೈದನೇ ದಿನದ್ದು ತೆಗ್ದು ನೋಡ್ದೆ, ಅದೂ ಇಂಡೆಕ್ಸೇ."

ನಾನು ಚೌಕವನ್ನೇ ನೋಡುತ್ತಾ ನಿಂತೆ.

"ಕೊನೇ ಪುಟದವರ್ಗೂ ಭಾಗಿಸ್ಬುಟ್ಟಿದ್ದೆ ನಾನು, ಒಳಗೆ ನೋಡ್ದೆ. ಅದು ನನ್ ತಪ್ಪು. ನೀನು ಇಂಡೆಕ್ಸ್ನ ಓದಿ ರಿವಿಷನ್ನೂ ಮಾಡ್ಬುಟ್ಟಿದ್ದೆ. ಯಾರು ಯಾರ್ನ ಬೈಯ್ಯಾದು ಅಂತ ಸುಮ್ಕಾದೆ. ಆಮೇಲೆ ನೀನು ಕಾಲೇಜಿಗೆ ಹೋದಾಗ ಚಾರ್ಟು ತಿರುಗ್ಸಿ ಹಿಂದ್ಗಡೆನೂ ನೋಡ್ದೆ."

ಸಿಟ್ಟು ಬಂತು ನನಗೆ. ನಾಚಿಕೆಯಾದಾಗಲೂ ನನಗೆ ಮೊದಲು ಬರುವುದು ಸಿಟ್ಟೇ. "ಎಲ್ಲಾ ಗೊತ್ತಿದ್ದೂ ಮತ್ತೆ ಯಾಕೆ ದಿನಾ ಎಷ್ಟು ಪುಟ, ಎಷ್ಟು ಪುಟ ಅಂತ ನನ್ ಪ್ರಾಣ ತಿಂದೆ?"

ಅಣ್ಣ ಕೈಯಲ್ಲಿದ್ದ ಸ್ಕೇಲನ್ನು ಕೆಳಗಿಟ್ಟ.

"ಇನ್ನೇನ್ ಕೇಳ್ಲಿ ಹೇಳು. ನಿನ್ ಓದಿನಲ್ಲಿ ಪುಟ ಬುಟ್ರೆ ನಂಗ್ ತಿಳಿಯಾದು ಬೇರೆ ಏನದೆ? ಮನೇಗೆ ಬಂದೋನು ನಿನ್ನ ಏನೂ ಕೇಳ್ದೆ ಒಳಕ್ಕೋಗ್ಲಾ?"

ಅವನ ಮುಂದೆ ಹೊಸದೊಂದು ಡ್ರಾಯಿಂಗ್ ಶೀಟು ಇತ್ತು. ಅದರ ತುಂಬ ಗೆರೆ ಹಾಕಿ ಮುಗಿಸಿದ್ದ. ಈ ಸಲ ತೊಂಬತ್ತು ಚೌಕ ಇರಲಿಲ್ಲ, ಹನ್ನೆರಡು ವಾರದ ಉದ್ದ ಪಟ್ಟಿಗಳು, ಪ್ರತಿ ಪಟ್ಟಿಯೂ ಮೂರು ಪಾಲು. ಒಂದು ಪಾಲಿನಲ್ಲೂ ಅಕ್ಷರವಿಲ್ಲ.

"ಗೆರೆ ನಾನು ಹಾಕಿವ್ನಿ. ಒಳಗೇನ್ ಬರೀಬೇಕೋ ನೀನೇ ಬರಿ," ಅಂತ ಪೆನ್ಸಿಲ್ ಮುಂದಕ್ಕೆ ತಳ್ಳಿದ.

ನೆಲದ ಮೇಲೆ ಅವನ ಪಕ್ಕ ಕೂತು ಮೊದಲ ವಾರದ ಪಟ್ಟಿಯಲ್ಲಿ ಹೊಟ್ಟೆ ಅಂತ ಬರೆದೆ. ಅದರ ಕೆಳಗೆ ಮೂರು ಪಾಲಿನಲ್ಲಿ ಗ್ರಾಸ್, ಹಿಸ್ಟಾಲಜಿ, ಎಂಬ್ರಿಯಾಲಜಿ ಮೂರನ್ನೂ ತುಂಬಿದೆ. ಎರಡನೇ ವಾರಕ್ಕೆ ಬರುವ ಹೊತ್ತಿಗೆ ಅಣ್ಣ ಹೆಗಲ ಮೇಲಿಂದ ಬಗ್ಗಿ, ತಡೆಯಲಾರದೆ, ಇದು ಎಷ್ಟು ಪುಟ ಆಗುತ್ತದೆ ಅಂತ ಕೇಳಿದ. ನಾನು ಸಂಪುಟ ತೆಗೆದು, ಇಂಡೆಕ್ಸ್ ಬಿಟ್ಟು, ಎಣಿಸಿ ಹೇಳಿದೆ.